ಹಿರಿಯರ ಭಾವಚಿತ್ರ: ಒಬ್ಬರ ತಲೆಯನ್ನು ಇನ್ನೊಬ್ಬರ ದೇಹಕ್ಕೆ ಕೂಡಿಸುವಾಗ ಕತ್ತು, ಭುಜ ಮತ್ತು ಕಾಲರ್ ಹೊಂದಿಸುವುದು

ಬೆಂಗಳೂರಿನ ಹಳೆಯ ಬಡಾವಣೆಗಳ ಫೋಟೋ ಸ್ಟುಡಿಯೋಗಳಿಗೆ ಬರುವ ಕೆಲಸಗಳಲ್ಲಿ ಒಂದು ಬಗೆಯದು ಹೀಗಿರುತ್ತದೆ. ಮನೆಯ ಹಿರಿಯರೊಬ್ಬರು ತೀರಿಕೊಂಡಿರುತ್ತಾರೆ. ವೈಕುಂಠ ಸಮಾರಾಧನೆಯ ಹೊತ್ತಿಗೆ ಹಾರ ಹಾಕಲು ಒಂದು ಒಳ್ಳೆಯ ಪಟ ಬೇಕಾಗಿರುತ್ತದೆ. ಆದರೆ ಅವರ ಮುಖ ಚೆನ್ನಾಗಿ ಬಂದಿರುವುದು ಯಾವುದೋ ಮದುವೆಯ ಗುಂಪು ಚಿತ್ರದಲ್ಲಿ ಮಾತ್ರ. ಅದರಲ್ಲಿ ಅವರ ಎದೆಯ ಅರ್ಧ ಭಾಗವನ್ನು ಮುಂದೆ ನಿಂತ ಮಗು ಮರೆಮಾಡಿರುತ್ತದೆ, ಒಂದು ಭುಜ ಪಕ್ಕದವರ ಸೀರೆಯ ಸೆರಗಿನ ಹಿಂದೆ ಹೋಗಿರುತ್ತದೆ. ಆಗ ಮುಖವನ್ನು ಆ ಚಿತ್ರದಿಂದ ತೆಗೆದು, ದೇಹವನ್ನು ಬೇರೊಬ್ಬರದಿಂದ ಪಡೆದು ಜೋಡಿಸಬೇಕಾಗುತ್ತದೆ. ಈ ಲೇಖನವು ಅದೊಂದೇ ಕೆಲಸವನ್ನು, ಬಿಳಿ ಅಂಗಿ ತೊಟ್ಟ ಗಂಡಸರ ಭಾವಚಿತ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು, ಹಂತಹಂತವಾಗಿ ವಿವರಿಸುತ್ತದೆ. ಮನೆಯವರ ಒಪ್ಪಿಗೆಯಿಂದ ಗೋಡೆಗೆ ಹಾಕುವ ಪಟಕ್ಕೆ ಈ ವಿಧಾನ ಸಲ್ಲುತ್ತದೆಯೇ ಹೊರತು, ಗುರುತಿನ ಚೀಟಿ, ಪಾಸ್‌ಪೋರ್ಟ್‌ಗಳ ಚಿತ್ರಕ್ಕೆ ಸಲ್ಲುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಇಂಥ ಜೋಡಣೆ ಕೆಟ್ಟಾಗ ನೋಡುವವರು ಸಾಮಾನ್ಯವಾಗಿ ಮುಖವನ್ನು ದೂರುವುದಿಲ್ಲ. "ಏನೋ ಸರಿಯಿಲ್ಲ ಕಣಪ್ಪ, ಅಣ್ಣ ಹೀಗಿರಲಿಲ್ಲ" ಎನ್ನುತ್ತಾರೆ, ಆದರೆ ಬೆರಳಿಟ್ಟು ಜಾಗವನ್ನು ತೋರಿಸಲಾರರು. ಹೆಚ್ಚಿನ ಸಲ ತಪ್ಪು ಇರುವುದು ಮೂರೇ ಕಡೆ: ಮುಖದ ಅಳತೆಗೆ ಕತ್ತು ದಪ್ಪವಾಗಿರುತ್ತದೆ ಅಥವಾ ಸಣ್ಣದಾಗಿರುತ್ತದೆ, ಭುಜಗಳು ಆ ವಯಸ್ಸಿನವರದಾಗಿರುವುದಿಲ್ಲ, ಇಲ್ಲವೇ ಕಾಲರಿನ ಅಂಚು ಕತ್ತನ್ನು ಸುತ್ತಿಕೊಳ್ಳದೆ ಅದರ ಮೇಲೆ ಅಂಟಿಸಿದಂತೆ ಇರುತ್ತದೆ. ಈ ಮೂರನ್ನೂ ಕಣ್ಣಂದಾಜಿನಲ್ಲಿ ಸರಿಮಾಡಲು ಹೊರಟರೆ ಕೆಲಸ ಮುಗಿಯುವುದೇ ಇಲ್ಲ. ಅಳತೆ ಹಿಡಿದು ಹೊರಟರೆ ಅರ್ಧ ಕೆಲಸ ಕಂಪ್ಯೂಟರಿನ ಮುಂದೆ ಕೂರುವ ಮೊದಲೇ ಮುಗಿದಿರುತ್ತದೆ.

ಅಳತೆ ಬೀರುವಿನಲ್ಲಿದೆ

ಗ್ರಾಹಕರು ಫೋಟೋ ತಂದುಕೊಟ್ಟಾಗ ಜೊತೆಗೆ ಕೇಳಬೇಕಾದ ವಸ್ತು ತೀರಿಕೊಂಡವರ ಒಂದು ಅಂಗಿ. ಬೀರುವಿನಲ್ಲಿ ಅದು ಇನ್ನೂ ಇರುತ್ತದೆ. ದರ್ಜಿಯ ಟೇಪು ಹಿಡಿದು ಅದರಲ್ಲಿ ಎರಡು ಅಳತೆಗಳನ್ನು ತೆಗೆದುಕೊಳ್ಳಬೇಕು. ಕಾಲರ್ ಪಟ್ಟಿಯನ್ನು ಚಪ್ಪಟೆಯಾಗಿ ಹರವಿ, ಗುಂಡಿಯ ನಡುವಿನಿಂದ ಕಾಜಿನ ನಡುವಿನವರೆಗೆ ಅಳೆದರೆ ಕಾಲರಿನ ಸುತ್ತಳತೆ ಸಿಗುತ್ತದೆ. ಬೆನ್ನಿನ ಕಡೆ ಒಂದು ತೋಳಿನ ಹೊಲಿಗೆಯಿಂದ ಇನ್ನೊಂದು ತೋಳಿನ ಹೊಲಿಗೆಯವರೆಗೆ ಅಳೆದರೆ ಭುಜದ ಅಗಲ ಸಿಗುತ್ತದೆ. ನಮ್ಮ ಉದಾಹರಣೆಯಲ್ಲಿ ತಂದೆಯವರ ಅಂಗಿಯ ಕಾಲರ್ 38 ಸೆಂಟಿಮೀಟರ್, ಭುಜ 43 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ದೇಹಕ್ಕಾಗಿ ಕೂರಲು ಒಪ್ಪಿದವರು ಅವರ ಮಗ. ಮೈಕಟ್ಟು ತಂದೆಯದೇ, ಆದರೆ ಮೈ ತುಂಬಿಕೊಂಡಿದೆ. ಅವರ ಅಂಗಿಯ ಕಾಲರ್ 40, ಭುಜ 46.

ಮಗನಿಗೆ ತಂದೆಯ ಅಂಗಿ ಹಿಡಿಸುವುದಾದರೆ ಅದನ್ನೇ ತೊಡಿಸುವುದು ಎಲ್ಲಕ್ಕಿಂತ ಮೇಲು. ಹಿಡಿಸದಿದ್ದರೆ ಕಷ್ಟಪಟ್ಟು ಗುಂಡಿ ಹಾಕಿಸಬಾರದು. ಬಿಗಿದ ಕಾಲರಿನ ಸುಕ್ಕುಗಳನ್ನು ಆಮೇಲೆ ತೆಗೆಯುವುದು ಕಾಲರನ್ನು ಕಿರಿದು ಮಾಡುವುದಕ್ಕಿಂತ ದೊಡ್ಡ ಕೆಲಸ. ಕೊನೆಯ ವರ್ಷಗಳಲ್ಲಿ ತುಂಬ ಇಳಿದುಹೋಗಿದ್ದವರ ಅಂಗಿಯಾದರೆ ಅದು ಯಾವ ಕಾಲದ್ದೆಂದು ಕೇಳಿ ತಿಳಿಯಬೇಕು, ಏಕೆಂದರೆ ಮುಖದ ಚಿತ್ರ ತೆಗೆದ ಕಾಲದ ಅಂಗಿಯ ಅಳತೆ ಮಾತ್ರ ಆ ಮುಖಕ್ಕೆ ಹೊಂದುತ್ತದೆ.

ದೇಹದ ಚಿತ್ರ ತೆಗೆಯುವುದು

ಸ್ಟುಡಿಯೋಗಳಲ್ಲಿ ಸಿದ್ಧ ಕೋಟುಗಳ ಫೈಲುಗಳು ಬೇಕಾದಷ್ಟು ಓಡಾಡುತ್ತವೆ. ಮುಖವನ್ನು ತಂದು ಕೋಟಿನ ಮೇಲೆ ಇಟ್ಟರೆ ಐದು ನಿಮಿಷದ ಕೆಲಸ. ಆ ಕೋಟುಗಳೆಲ್ಲ ಒಂದೇ ಕತ್ತಿಗೆ, ಒಂದೇ ಕೋನಕ್ಕೆ, ಒಂದೇ ಬೆಳಕಿಗೆ ಮಾಡಿದವು. ಬೆಂಗಳೂರಿನ ಅರ್ಧ ಊರಿನ ಅಜ್ಜಂದಿರು ಒಂದೇ ನೀಲಿ ಕೋಟಿನಲ್ಲಿ ಗೋಡೆಯ ಮೇಲಿರುವುದಕ್ಕೆ ಅದೇ ಕಾರಣವಿರಬೇಕು. ಮನೆಯವರಲ್ಲೊಬ್ಬರು ಹತ್ತು ನಿಮಿಷ ಕ್ಯಾಮೆರಾದ ಮುಂದೆ ಕೂರಲು ಸಿದ್ಧರಿದ್ದರೆ ಆ ಫೈಲುಗಳ ಗೊಡವೆ ಬೇಡ.

ದೇಹದ ಚಿತ್ರವನ್ನು ತೆಗೆಯುವ ಮೊದಲು ಮುಖದ ಚಿತ್ರವನ್ನು ಓದಬೇಕು. ಮದುವೆಯ ಗುಂಪು ಚಿತ್ರದಲ್ಲಿ ಹಿರಿಯರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಿರುತ್ತಾರೆ, ಫೋಟೋಗ್ರಾಫರ್ ನಿಂತಿರುತ್ತಾನೆ, ನಡುವೆ ನಾಲ್ಕೈದು ಮೀಟರ್ ಅಂತರವಿರುತ್ತದೆ. ಅಂದರೆ ಕ್ಯಾಮೆರಾ ಅವರ ಮುಖಕ್ಕಿಂತ ಸ್ವಲ್ಪ ಮೇಲಿನಿಂದ ನೋಡುತ್ತಿದೆ. ದೇಹದ ಚಿತ್ರವನ್ನೂ ಹಾಗೆಯೇ ತೆಗೆಯಬೇಕು: ಮಗ ಕುರ್ಚಿಯಲ್ಲಿ, ಕ್ಯಾಮೆರಾ ನಿಂತವನ ಕಣ್ಣಿನ ಎತ್ತರದಲ್ಲಿ, ನಾಲ್ಕು ಮೀಟರಿಗೆ ಕಡಿಮೆಯಿಲ್ಲದ ದೂರದಲ್ಲಿ, ಬೇಕಾದಷ್ಟನ್ನು ಜೂಮಿನಿಂದ ಹತ್ತಿರ ತಂದುಕೊಂಡು. ಈ ಎತ್ತರವೇ ಕಾಲರಿನ ರೇಖೆಯನ್ನು ನಿರ್ಧರಿಸುತ್ತದೆ. ಕಾಲರಿನ ಬಾಯಿ ಒಂದು ಉಂಗುರ. ಮೇಲಿನಿಂದ ನೋಡಿದಷ್ಟೂ ಆ ಉಂಗುರ ತೆರೆದುಕೊಂಡು ಹಿಂಭಾಗದ ಒಳಬದಿ ಹೆಚ್ಚು ಕಾಣುತ್ತದೆ, ಕೆಳಗಿನಿಂದ ನೋಡಿದರೆ ಮುಚ್ಚಿಕೊಂಡು ಬರಿಯ ಒಂದು ಗೆರೆಯಾಗುತ್ತದೆ. ಮುಖ ಮೇಲಿನಿಂದ ಕಂಡದ್ದು, ಕಾಲರ್ ಕೆಳಗಿನಿಂದ ಕಂಡದ್ದು ಎಂದಾದರೆ ಯಾವ ತಂತ್ರಾಂಶವೂ ಅದನ್ನು ಚೆನ್ನಾಗಿ ಸರಿಪಡಿಸಲಾರದು. ದೂರವೂ ಹಾಗೆಯೇ: ಒಂದು ಮೀಟರ್ ಹತ್ತಿರದಿಂದ ತೆಗೆದರೆ ಎದೆ ಉಬ್ಬಿ, ಭುಜಗಳು ಹಿಂದಕ್ಕೆ ಸರಿದು ಜಾರಿದಂತೆ ಕಾಣುತ್ತವೆ, ಗುಂಪು ಚಿತ್ರದ ಮುಖಕ್ಕೆ ಅವು ಒಪ್ಪುವುದಿಲ್ಲ.

ಬೆಳಕಿನ ದಿಕ್ಕನ್ನು ಮೂಗಿನ ನೆರಳು ಹೇಳುತ್ತದೆ. ಕ್ಯಾಮೆರಾದ ಮೇಲೆಯೇ ಫ್ಲ್ಯಾಶ್ ಇಟ್ಟು ತೆಗೆದ ಹಳೆಯ ಮದುವೆ ಚಿತ್ರಗಳಲ್ಲಿ ಮೂಗಿನ ನೆರಳು ಇಲ್ಲವೆನ್ನುವಷ್ಟು ಚಿಕ್ಕದು, ಗದ್ದದ ಕೆಳಗೆ ಮಾತ್ರ ಒಂದು ಕಪ್ಪು ಅಂಚು. ಅಂಥ ಮುಖಕ್ಕೆ ಕಿಟಕಿಯ ಬದಿಯ ಬೆಳಕಿನಲ್ಲಿ ತೆಗೆದ ಅಂದವಾದ ದೇಹ ಉಪಯೋಗಕ್ಕೆ ಬರುವುದಿಲ್ಲ. ದೀಪವನ್ನು ಕ್ಯಾಮೆರಾದ ಪಕ್ಕದಲ್ಲೇ ಇಡಬೇಕು.

ಕೂತವರನ್ನು ಹಾಗೇ ಇರಲು ಹೇಳಿ, ಹದಿನೈದು ಸೆಂಟಿಮೀಟರಿನ ಒಂದು ಸ್ಕೇಲನ್ನು ಕಾಲರಿನ ಗುಂಡಿಯ ಹತ್ತಿರ ಅಡ್ಡವಾಗಿ ಹಿಡಿಸಿ ಒಂದು ಚಿತ್ರ ತೆಗೆದುಕೊಳ್ಳಬೇಕು. ಇದು ಅಳತೆಗಾಗಿ ಮಾತ್ರ. ಆಮೇಲೆ ಸ್ಕೇಲು ತೆಗೆದು, ಮೂರು ಬಗೆಯಲ್ಲಿ ತೆಗೆಯಬೇಕು: ಎಲ್ಲ ಗುಂಡಿ ಹಾಕಿ, ಮೇಲಿನ ಗುಂಡಿ ಬಿಚ್ಚಿ, ಮತ್ತು ಕತ್ತನ್ನು ಆದಷ್ಟು ಹಿಂದಕ್ಕೂ ಪಕ್ಕಕ್ಕೂ ವಾಲಿಸಿ. ಮೂರನೆಯದರಲ್ಲಿ ಕಾಲರಿನ ಒಳಬದಿ ಕಾಣಿಸುತ್ತದೆ, ಅದು ಮುಂದೆ ಬೇಕಾಗುತ್ತದೆ.

ಅಳತೆಗೂಡಿಸುವುದು

ಗುಂಪು ಚಿತ್ರವನ್ನು 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಬೇಕು. ಮೊಬೈಲಿನಲ್ಲಿ ತೆಗೆದ ಫೋಟೋದ ಫೋಟೋ ಬೇಡ. ಅಂಚುಗಳು ಬಾಗಿರುತ್ತವೆ, ನಾವು ಮಾಡಹೊರಟಿರುವುದು ಅಳತೆಯ ಕೆಲಸ.

ಮುಖದ ಚಿತ್ರದಲ್ಲಿ ಸ್ಕೇಲು ಇರುವುದಿಲ್ಲ, ಆದರೆ ಕಣ್ಣುಗಳಿರುತ್ತವೆ. ವಯಸ್ಕರ ಎರಡು ಕಣ್ಣ ಪಾಪೆಗಳ ನಡುವಿನ ಅಂತರ ಸರಾಸರಿ 63 ಮಿಲಿಮೀಟರ್. ವ್ಯಕ್ತಿಯಿಂದ ವ್ಯಕ್ತಿಗೆ ನಾಲ್ಕೈದು ಮಿಲಿಮೀಟರ್ ಆಚೀಚೆ ಆಗುತ್ತದೆ. ಹಿರಿಯರ ಕನ್ನಡಕದ ಚೀಟಿ ಮನೆಯಲ್ಲಿದ್ದರೆ ಅದರಲ್ಲಿ ಈ ಅಂತರವನ್ನು ಪಿ.ಡಿ. ಎಂದು ಬರೆದಿರುವುದುಂಟು, ಆಗ ಅಂದಾಜೂ ಬೇಡ. ಮುಖ ಬಹಳ ಪಕ್ಕಕ್ಕೆ ತಿರುಗಿದ್ದರೆ ಈ ಅಂತರ ಚಿತ್ರದಲ್ಲಿ ಕುಗ್ಗುತ್ತದೆ. ಆಗ ಕಣ್ಣಿನ ಗೆರೆಯಿಂದ ಗದ್ದದ ತುದಿಯವರೆಗಿನ ನೇರ ಎತ್ತರವನ್ನು ಹಿಡಿಯಬಹುದು, ಅದು ಇಡೀ ತಲೆಯ ಎತ್ತರದ ಹತ್ತಿರಹತ್ತಿರ ಅರ್ಧ, ಅಂದರೆ 11 ಸೆಂಟಿಮೀಟರಿನ ಆಸುಪಾಸು.

ನಮ್ಮ ಸ್ಕ್ಯಾನಿನಲ್ಲಿ ಪಾಪೆಗಳ ಅಂತರ 189 ಪಿಕ್ಸೆಲ್ ಬಂತು ಎನ್ನಿ. 63ರಿಂದ ಭಾಗಿಸಿದರೆ ಒಂದು ಮಿಲಿಮೀಟರಿಗೆ 3 ಪಿಕ್ಸೆಲ್. ದೇಹದ ಚಿತ್ರದಲ್ಲಿ 150 ಮಿಲಿಮೀಟರಿನ ಸ್ಕೇಲು 1125 ಪಿಕ್ಸೆಲ್ ಉದ್ದವಿದೆ; ಅಂದರೆ ಮಿಲಿಮೀಟರಿಗೆ 7.5 ಪಿಕ್ಸೆಲ್. ಮೂರನ್ನು ಏಳೂವರೆಯಿಂದ ಭಾಗಿಸಿದರೆ 0.4. ಆದ್ದರಿಂದ ದೇಹವನ್ನು ನೂರಕ್ಕೆ 40ಕ್ಕೆ ಇಳಿಸಬೇಕು. ತಲೆಯನ್ನು ದೊಡ್ಡದು ಮಾಡುವ ಆಸೆ ಇಲ್ಲಿ ಬಂದೇ ಬರುತ್ತದೆ, ಅದಕ್ಕೆ ಕಿವಿಗೊಡಬಾರದು. ಹಳೆಯ ಚಿತ್ರದಲ್ಲಿರುವ ವಿವರ ಇರುವಷ್ಟೇ; ಹಿಗ್ಗಿಸಿದ ಮುಖ ಮಂಜಾಗಿ, ಅದರ ಕೆಳಗಿನ ಅಂಗಿ ಮಾತ್ರ ನೂಲುನೂಲಾಗಿ ಕಂಡರೆ ಕಾಲರ್ ಎಷ್ಟೇ ಸರಿಯಾಗಿ ಕೂತಿದ್ದರೂ ಜೋಡಣೆ ಎದ್ದು ಕಾಣುತ್ತದೆ. ಈ ಲೆಕ್ಕದಲ್ಲಿ 43 ಸೆಂಟಿಮೀಟರ್ ಭುಜ 1290 ಪಿಕ್ಸೆಲ್ ಆಗುತ್ತದೆ, ಎರಡೂ ಬದಿ ತೋಳು ಮತ್ತು ಖಾಲಿ ಜಾಗ ಸೇರಿಸಿದರೆ ಪಟದ ಅಗಲ ಸುಮಾರು 1800 ಪಿಕ್ಸೆಲ್. ಹನ್ನೆರಡು ಇಂಚು ಅಗಲದ ಪಟಕ್ಕೆ ಇದು ಇಂಚಿಗೆ 150 ಪಿಕ್ಸೆಲ್. ದೇವರ ಮನೆಯ ಗೋಡೆಯ ಮೇಲೆ ನಾಲ್ಕಡಿ ದೂರದಿಂದ ನೋಡುವುದಕ್ಕೆ ಸಾಕು. ಮನೆಯವರು ಇನ್ನೂ ದೊಡ್ಡದು ಕೇಳಿದರೆ ಇದೇ ಲೆಕ್ಕವನ್ನು ಅವರಿಗೆ ತೋರಿಸಬಹುದು.

ಇಳಿಸುವ ಮೊದಲು ಫೋಟೋಶಾಪ್‌ನಲ್ಲಿ ದೇಹದ ಲೇಯರನ್ನು Convert to Smart Object ಮಾಡಿಕೊಂಡರೆ ಮತ್ತೆ ಅಳತೆ ಬದಲಿಸಬೇಕಾದಾಗ ಮೂಲದ ಗುಣ ಉಳಿದಿರುತ್ತದೆ. ಆಮೇಲೆ `Ctrl+T` ಒತ್ತಿ, ಅಗಲ ಎತ್ತರ ಎರಡಕ್ಕೂ 40% ಎಂದು ಅಂಕಿಯನ್ನೇ ಟೈಪ್ ಮಾಡಬೇಕು, ಮೂಲೆ ಹಿಡಿದು ಎಳೆಯಬಾರದು.

ಎಲ್ಲಿ ಕತ್ತರಿಸಬೇಕು

ಇದು ಇಡೀ ಕೆಲಸದ ಮುಖ್ಯ ತೀರ್ಮಾನ. ಹೊಸಬರು ಸಾಮಾನ್ಯವಾಗಿ ತಲೆಯನ್ನು ಗದ್ದದ ಕೆಳಗೆ ಕತ್ತರಿಸಿ ಮಗನ ಕತ್ತಿನ ಮೇಲೆ ಇಡುತ್ತಾರೆ. ಆಗ ಚರ್ಮಕ್ಕೆ ಚರ್ಮ ಸೇರಿಸಬೇಕಾಗುತ್ತದೆ: ಬಣ್ಣ, ಸುಕ್ಕು, ನರ, ಹೊಳಪು ಎಲ್ಲವೂ ಹೊಂದಬೇಕು. ಎಪ್ಪತ್ತೈದರ ಮುಖದ ಕೆಳಗೆ ನಲವತ್ತೈದರ ನುಣ್ಣನೆಯ ಕತ್ತು ಉಳಿದುಬಿಡುತ್ತದೆ. ನಿಜವಾಗಿ ಮಾಡಬೇಕಾದದ್ದು, ತಲೆಯ ಜೊತೆಗೆ ಅದರದೇ ಕತ್ತನ್ನೂ ಕಾಲರಿನ ಒಳಗೆ ಹೋಗುವವರೆಗೆ ತರುವುದು. ಆಗ ಕೂಡುವ ಗೆರೆ ಚರ್ಮದ ಮೇಲೆ ಬರದೆ, ಚರ್ಮ ಮುಗಿದು ಬಟ್ಟೆ ಮೊದಲಾಗುವ ಕಡೆ ಬರುತ್ತದೆ, ಅಲ್ಲಿ ಒಂದು ಗೆರೆ ಹೇಗೂ ಇರಲೇಬೇಕು.

ಇದಕ್ಕೆ ಮೂರು ಲೇಯರುಗಳು ಬೇಕು. ಎಲ್ಲಕ್ಕಿಂತ ಕೆಳಗೆ ಕಾಲರಿನ ಹಿಂಭಾಗದ ಒಳಬದಿ. ಕತ್ತು ವಾಲಿಸಿ ತೆಗೆದ ಮೂರನೆಯ ಚಿತ್ರದಿಂದ ಇದು ಸಿಗುತ್ತದೆ. ಅದರ ಮೇಲೆ ತಂದೆಯವರ ತಲೆ ಮತ್ತು ಕತ್ತು. ಎಲ್ಲಕ್ಕಿಂತ ಮೇಲೆ ಅಂಗಿಯ ಮುಂಭಾಗ, ಕಾಲರಿನ ಎರಡು ಎಲೆಗಳ ಸಮೇತ, ಮಗನ ಕತ್ತನ್ನು ಪೂರ್ತಿ ಅಳಿಸಿ. ಕತ್ತು ಈಗ ಕಾಲರಿನ ಒಳಗೆ ಇಳಿದು ನಿಂತಿರುತ್ತದೆ. ಅಳಿಸುವುದಕ್ಕೆ ಯಾವಾಗಲೂ ಲೇಯರ್ ಮಾಸ್ಕನ್ನೇ ಬಳಸಬೇಕು, ರಬ್ಬರನ್ನಲ್ಲ. ಮುಂದಿನ ಹಂತದಲ್ಲಿ ಅಂಚುಗಳು ಸರಿದಾಗ ಅಳಿಸಿದ್ದನ್ನು ಮರಳಿ ತರಬೇಕಾಗುತ್ತದೆ. ಕಾಲರಿನ ಅಂಚನ್ನು Pen Tool ಹಿಡಿದು ಗೆರೆ ಎಳೆದು ಕತ್ತರಿಸಿದರೆ ಬಟ್ಟೆಯ ಅಂಚು ಬಟ್ಟೆಯಂತೆ ಸ್ಪಷ್ಟವಾಗಿರುತ್ತದೆ; ಆ ಮಾಸ್ಕಿಗೆ ಒಂದು ಪಿಕ್ಸೆಲಿಗಿಂತ ಹೆಚ್ಚು ಮೃದುತ್ವ ಕೊಡಬಾರದು.

ಹಿರಿಯರು ಮುಚ್ಚುಗತ್ತಿನ ಕೋಟು ತೊಟ್ಟಿದ್ದು, ಅವರ ಕತ್ತು ಎರಡು ಬೆರಳಿನಷ್ಟೂ ಕಾಣದಿದ್ದರೆ ಈ ದಾರಿ ಇಲ್ಲ. ಆಗ ದೇಹಕ್ಕೂ ಮುಚ್ಚುಗತ್ತಿನ ಕೋಟನ್ನೇ ತೊಡಿಸಿ ತೆಗೆದುಬಿಡುವುದು ಸರಳ. ಅದೂ ಆಗದಿದ್ದರೆ ಕತ್ತನ್ನು ಮಗನದೇ ಉಳಿಸಿ, ಕೂಡುವ ಗೆರೆಯನ್ನು ದವಡೆಯ ಮೂಳೆಯ ಕೆಳಗಿನ ನೆರಳಿನಲ್ಲಿ ಅಡಗಿಸಬೇಕು, ಕತ್ತಿನ ಮಧ್ಯದಲ್ಲಿ ಎಂದೂ ಅಲ್ಲ.

ತಲೆಯನ್ನು ಇಡುವ ಜಾಗ

ಗದ್ದವನ್ನು ಕಾಲರಿನ ಗುಂಡಿಯ ನೇರಕ್ಕೆ ತಂದು ನಿಲ್ಲಿಸುವುದು ಬಹಳ ಕಡೆ ಕಾಣುವ ತಪ್ಪು. ಗುಂಡಿಯ ನೇರಕ್ಕೆ ಬರಬೇಕಾದದ್ದು ಗಂಟಲ ಕೆಳಗಿನ ಗುಳಿ, ಎರಡು ಕತ್ತಿನ ಎಲುಬುಗಳು ಸೇರುವ ಜಾಗ. ಮುಖ ತಿರುಗಿದಾಗ ಆ ಗುಳಿ ಕದಲುವುದಿಲ್ಲ, ಗದ್ದ ಕದಲುತ್ತದೆ. ನಮ್ಮ ಹಿರಿಯರು ಸುಮಾರು ಹತ್ತು ಡಿಗ್ರಿಯಷ್ಟು ಬಲಕ್ಕೆ ನೋಡುತ್ತಿದ್ದಾರೆ. ತಲೆ ತಿರುಗುವುದು ಕತ್ತಿನ ಹಿಂಭಾಗದ ಮೂಳೆಯ ಸುತ್ತ. ಗದ್ದ ಆ ಮೂಳೆಯಿಂದ ಹತ್ತು ಸೆಂಟಿಮೀಟರಿನಷ್ಟು ಮುಂದಿದೆ. ಹಾಗಾಗಿ ಅಷ್ಟು ತಿರುಗಿದಾಗಲೇ ಗದ್ದ ಒಂದೂವರೆಯಿಂದ ಎರಡು ಸೆಂಟಿಮೀಟರ್ ಬದಿಗೆ ಹೋಗಿರುತ್ತದೆ, ನಮ್ಮ ಅಳತೆಯಲ್ಲಿ 50 ಪಿಕ್ಸೆಲಿನಷ್ಟು. ಗದ್ದವನ್ನು ಬಲವಂತವಾಗಿ ನಡುವಿಗೆ ತಂದರೆ ಕತ್ತು ಕಾಲರಿನಲ್ಲಿ ಒಂದು ಪಕ್ಕಕ್ಕೆ ಒರಗಿ, ಇನ್ನೊಂದು ಪಕ್ಕ ಖಾಲಿಯಾಗುತ್ತದೆ. ಗುಳಿ ಕಾಣದಿದ್ದರೆ ಕಿವಿಯ ಹಿಂದಿನಿಂದ ಓರೆಯಾಗಿ ಇಳಿದುಬರುವ ಸ್ನಾಯುವಿನ ಜಾಡು ಹಿಡಿಯಬೇಕು. ಮುಖ ಬಲಕ್ಕೆ ತಿರುಗಿದಾಗ ಎಡಗಡೆಯ ಸ್ನಾಯು ಉಬ್ಬಿ ನಿಲ್ಲುತ್ತದೆ, ಮುದುಕರಲ್ಲಂತೂ ಹಗ್ಗದಂತೆ ಕಾಣುತ್ತದೆ. ಅದು ಎಲ್ಲಿಗೆ ಹೋಗಿ ಮುಟ್ಟುವುದೋ ಅಲ್ಲಿಯೇ ಗುಳಿ.

ಎತ್ತರದ ಮಟ್ಟಿಗೆ, ಗದ್ದದ ತುದಿಯಿಂದ ಕಾಲರ್ ಗುಂಡಿಯವರೆಗಿನ ಅಂತರವನ್ನು ಗುಂಪು ಚಿತ್ರದಿಂದಲೇ ಅಳೆದುಕೊಳ್ಳಬೇಕು. ವಯಸ್ಸಾದವರ ತಲೆ ಮುಂದಕ್ಕೆ ಬಾಗಿರುವುದರಿಂದ ಈ ಅಂತರ ಕಿರಿದಾಗಿರುತ್ತದೆ. ಚೆನ್ನಾಗಿ ಕಾಣಲೆಂದು ತಲೆಯನ್ನು ಒಂದಿಷ್ಟು ಮೇಲಕ್ಕೆತ್ತಿದರೆ ಕತ್ತು ಉದ್ದವಾಗಿ ಬೇರೆ ಯಾರೋ ಆಗಿಬಿಡುತ್ತಾರೆ.

ಕತ್ತಿನ ಅಗಲ ಮತ್ತು ಕಾಲರಿನ ಬಾಯಿ

ಈಗ ಅಂಗಿಯ ಅಳತೆ ಕೆಲಸಕ್ಕೆ ಬರುತ್ತದೆ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಅಗಲ ಸಿಗುತ್ತದೆ. ಕತ್ತು ಪೂರ್ತಿ ದುಂಡಗಿಲ್ಲದಿದ್ದರೂ ಈ ಅಂದಾಜು ಸಾಕು. ಮಗನ 40 ಸೆಂಟಿಮೀಟರ್ ಕಾಲರ್ 12.7 ಸೆಂಟಿಮೀಟರ್ ಅಗಲ, ಅಂದರೆ 382 ಪಿಕ್ಸೆಲ್. ತಂದೆಯ 38 ಸೆಂಟಿಮೀಟರ್ ಕಾಲರ್ 12.1 ಸೆಂಟಿಮೀಟರ್, ಅಂದರೆ 363 ಪಿಕ್ಸೆಲ್. ಕಾಲರಿನ ಮಟ್ಟದಲ್ಲಿ ತಂದೆಯವರ ಕತ್ತನ್ನು ಚಿತ್ರದಲ್ಲಿ ಅಳೆದರೆ 318 ಪಿಕ್ಸೆಲ್ ಇದೆ.

ಏನೂ ಮಾಡದೆ ಬಿಟ್ಟರೆ ಎರಡೂ ಬದಿ 32 ಪಿಕ್ಸೆಲ್, ಅಂದರೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಸಂದು ಉಳಿಯುತ್ತದೆ, ಎರವಲು ಅಂಗಿ ತೊಟ್ಟಂತೆ ಕಾಣುತ್ತದೆ. ಸಂದೇ ಇಲ್ಲದಂತೆ ಕಾಲರನ್ನು ಕತ್ತಿಗೆ ಅಂಟಿಸಿದರೂ ತಪ್ಪು. ವಯಸ್ಸಾದವರ ಕತ್ತು ಕಾಲರಿನೊಳಗೆ ಸಡಿಲವಾಗಿಯೇ ಇರುತ್ತದೆ. ಹಿರಿಯರ ಸ್ವಂತ ಕಾಲರ್ ಹೇಗೆ ಕೂರುತ್ತಿತ್ತೋ ಹಾಗೆ ಕೂರಿಸುವುದೇ ನಮ್ಮ ಗುರಿ: 363 ಪಿಕ್ಸೆಲ್, ಎರಡೂ ಬದಿ 22 ಪಿಕ್ಸೆಲ್ ಸಂದು. ಆದ್ದರಿಂದ ಕಾಲರನ್ನು ಪ್ರತಿ ಬದಿಗೆ ಸುಮಾರು 10 ಪಿಕ್ಸೆಲ್ ಒಳಕ್ಕೆ ತರಬೇಕು. Edit > Transform > Warp ಆರಿಸಿ, ಕಾಲರಿನ ಎಡ ಬಲ ಭಾಗಗಳನ್ನು ಮಾತ್ರ ಒಳಕ್ಕೆ ತಳ್ಳಿ, ಗುಂಡಿಯ ಪಟ್ಟಿಯನ್ನು ಅಲುಗಿಸದೆ ಬಿಡಬೇಕು. ಕಾಲರಿನ ಒಳಬದಿಯ ಲೇಯರಿಗೂ ಅಷ್ಟೇ ಬದಲಾವಣೆ ಮಾಡದಿದ್ದರೆ ಎರಡರ ಅಂಚುಗಳು ಬೇರೆಬೇರೆಯಾಗಿ ಹೋಗುತ್ತವೆ.

ತಲೆ ಒಂದು ಪಕ್ಕಕ್ಕೆ ವಾಲಿದ್ದರೆ ಎರಡೂ ಬದಿ ಸಮ ಸಂದು ಇಡಬಾರದು. ವಾಲಿದ ಪಕ್ಕ ಕತ್ತು ಕಾಲರನ್ನು ಮುಟ್ಟುತ್ತದೆ, ಎದುರು ಪಕ್ಕ ಬಿರಿಯುತ್ತದೆ. ಈ ಅಸಮತೆಯೇ ನಂಬಿಕೆ ಹುಟ್ಟಿಸುವ ಸಂಗತಿ.

ಇದರ ವಿರುದ್ಧದ ಸಂದರ್ಭವೂ ಬರುತ್ತದೆ: ದಪ್ಪ ಕತ್ತಿನವರು, ಕಿರಿದಾದ ಕಾಲರ್. ಆಗ ಕತ್ತನ್ನು Liquifyನಲ್ಲಿ ಹಿಂಡುವುದು ಬಹಳ ಜನರ ಅಭ್ಯಾಸ. ಮುಖವನ್ನು ಬಲ್ಲವರು ಇದನ್ನು ಕೂಡಲೇ ಗುರುತಿಸುತ್ತಾರೆ, ಏಕೆಂದರೆ ದವಡೆಯಿಂದ ಕತ್ತಿಗೆ ಇಳಿಯುವ ಗೆರೆ ಮುಖದ ಆಕಾರದ ಭಾಗವೇ ಆಗಿದೆ. ಕತ್ತನ್ನು ಮುಟ್ಟದೆ, ಮೇಲಿನ ಗುಂಡಿ ಬಿಚ್ಚಿ ತೆಗೆದ ಎರಡನೆಯ ಚಿತ್ರವನ್ನು ತೆಗೆದುಕೊಳ್ಳಬೇಕು. ತೆರೆದ ಕಾಲರಿಗೆ ಇಷ್ಟೇ ಅಗಲವೆಂಬ ಕಟ್ಟು ಇಲ್ಲ. ಆದರೆ ಆಗ ಎದೆಯ ಮೇಲಿನ ತ್ರಿಕೋನದಷ್ಟು ಜಾಗದಲ್ಲಿ ಮಗನ ಚರ್ಮ ಕಾಣುತ್ತದೆ. ಅದಕ್ಕೆ ಮುಖದ ಬಣ್ಣ ಕೊಡಬೇಕು, ಇಲ್ಲವೇ ಒಳಗೆ ಬಿಳಿ ಬನಿಯನ್ ತೊಡಿಸಿ ತೆಗೆದಿರಬೇಕು. ಎರಡನೆಯದು ಸುಲಭ, ಹಿರಿಯರಿಗೆ ಸಹಜವೂ ಹೌದು.

ಭುಜಗಳು

ಮಗನ ಭುಜ ತಂದೆಯದಕ್ಕಿಂತ 3 ಸೆಂಟಿಮೀಟರ್ ಅಗಲ. ಪ್ರತಿ ಬದಿ 15 ಮಿಲಿಮೀಟರ್, ಅಂದರೆ 45 ಪಿಕ್ಸೆಲ್ ಒಳಕ್ಕೆ ಬರಬೇಕು. ಇಡೀ ದೇಹವನ್ನೇ ಅಡ್ಡಕ್ಕೆ ಕುಗ್ಗಿಸಿದರೆ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ, ಆದರೆ ಅಂಗಿಯ ಗುಂಡಿಗಳು ಮೊಟ್ಟೆಯಾಕಾರಕ್ಕೆ ತಿರುಗುತ್ತವೆ. ನಾನು ಬೇರೆಯವರ ಕೆಲಸವನ್ನು ನೋಡುವಾಗ ಮೊದಲು ಗುಂಡಿಗಳನ್ನೇ ನೋಡುತ್ತೇನೆ. Warpನಲ್ಲಿ ಕಾಲರಿನ ಬುಡದಿಂದ ಆಚೆಯ ಭಾಗವನ್ನು ಮಾತ್ರ ಒಳಕ್ಕೆ ತಂದರೆ ಗುಂಡಿ ಪಟ್ಟಿ, ಜೇಬು ಇರುವಲ್ಲೇ ಉಳಿಯುತ್ತವೆ. ತೋಳಿನ ಹೊಲಿಗೆ ಭುಜದ ತುದಿಯಿಂದ ಕೆಳಕ್ಕೆ ಜಾರದಂತೆ ನೋಡಿಕೊಳ್ಳಬೇಕು.

ಅಗಲಕ್ಕಿಂತ ಮುಖ್ಯವಾದದ್ದು ಇಳಿಜಾರು. ಕಾಲರಿನ ಬುಡದಿಂದ ಭುಜದ ತುದಿಯವರೆಗೆ ಗೆರೆ ಎಷ್ಟು ಕೆಳಗಿಳಿಯುತ್ತದೆ ಎಂಬುದು ವಯಸ್ಸನ್ನು ಹೇಳುತ್ತದೆ. ಗುಂಪು ಚಿತ್ರದಲ್ಲಿ ಒಂದು ಭುಜ ಕಂಡರೂ ಸಾಕು, Ruler Tool ಇಟ್ಟು ಅದರ ಕೋನವನ್ನು ಓದಿಕೊಂಡು ಮಗನದಕ್ಕೆ ಹೋಲಿಸಬಹುದು. ಆರೇಳು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಎಳೆದು ಸರಿಮಾಡುವುದಕ್ಕಿಂತ, ಭುಜವನ್ನು ಸಡಿಲ ಬಿಟ್ಟು ಕೊಂಚ ಮುಂದಕ್ಕೆ ಬಾಗಿ ಕೂರಲು ಮಗನಿಗೆ ಹೇಳಿ ಚಿತ್ರವನ್ನು ಮತ್ತೊಮ್ಮೆ ತೆಗೆಯುವುದೇ ವಾಸಿ. ಎರಡು ಭುಜ ಒಂದೇ ಮಟ್ಟದಲ್ಲಿರಬೇಕೆಂಬ ಹಟವೂ ಬೇಡ. ಕೆಲವರದು ಒಂದು ಭುಜ ಕೆಳಗಿರುತ್ತದೆ. ಮನೆಯವರಿಗೆ ಆ ಓರೆ ಗೊತ್ತು, ನಮಗೆ ಗೊತ್ತಿಲ್ಲದಿದ್ದರೂ.

ಭುಜದ ಮೇಲೆ ಶಲ್ಯ ಹೊದಿಸಿದರೆ ಈ ವಿಭಾಗದ ಬಹುಪಾಲು ಬೇಡವಾಗುತ್ತದೆ ಎಂಬ ಗುಟ್ಟನ್ನು ಹಳೆಯ ಸ್ಟುಡಿಯೋದವರು ಚೆನ್ನಾಗಿ ಬಲ್ಲರು. ಜರಿ ಅಂಚಿನ ಶಲ್ಯವನ್ನು ಎರಡೂ ಭುಜದ ಮೇಲೆ ಹೊದ್ದ ಹಿರಿಯರು ಪಟದಲ್ಲಿ ಗಂಭೀರವಾಗಿಯೂ ಕಾಣುತ್ತಾರೆ, ಭುಜದ ಹೊಲಿಗೆ ಇಳಿಜಾರುಗಳೆಲ್ಲ ಮುಚ್ಚಿಹೋಗುತ್ತವೆ. ಆದರೆ ಶಲ್ಯ ಕಾಲರನ್ನು ಮುಚ್ಚುವುದಿಲ್ಲ. ಎಂದೂ ಶಲ್ಯ ಹೊದೆಯದವರಿಗೆ ಅದನ್ನು ಹೊದಿಸುವುದೂ ಸರಿಯಲ್ಲ, ಕೇಳಿಯೇ ಹೊದಿಸಬೇಕು.

ಹೆಂಗಸರ ಪಟದಲ್ಲಿ ಕಾಲರಿನ ಆಸರೆಯೇ ಇಲ್ಲ. ಕತ್ತಿನ ಬುಡ, ಕತ್ತಿನ ಎಲುಬು, ಸರದ ಗೆರೆ ಎಲ್ಲ ತೆರೆದಿರುತ್ತವೆ. ಅಲ್ಲಿ ಮುಖದ ಚಿತ್ರದಿಂದಲೇ ರವಿಕೆಯ ಅಂಚಿನವರೆಗಿನ ಚರ್ಮವನ್ನು, ಸರ ಸಮೇತ, ತರಲು ಸಾಧ್ಯವಾದರೆ ಮಾತ್ರ ಮೇಲಿನ ವಿಧಾನ ನಡೆಯುತ್ತದೆ.

ನೆರಳು, ಬಣ್ಣ, ಕಾಳು

ಕಾಲರ್ ಕತ್ತನ್ನು ಸುತ್ತಿಕೊಂಡಿದೆ ಎಂದು ಕಣ್ಣು ನಂಬುವುದು ನೆರಳಿನಿಂದ. ತಲೆಯ ಲೇಯರಿನ ಮೇಲೆ ಹೊಸ ಲೇಯರೊಂದನ್ನು Multiply ವಿಧದಲ್ಲಿಟ್ಟು, Create Clipping Mask ಕೊಟ್ಟು, ಕಾಲರಿನ ಅಂಚಿಗೆ ತಾಗಿದಂತೆ ಕತ್ತಿನ ಮೇಲೆ ಚರ್ಮದ್ದೇ ಕಂದು ಬಣ್ಣವನ್ನು ಮೃದುವಾದ ಬ್ರಶ್ಶಿನಿಂದ ತೆಳ್ಳಗೆ ಬಳಿಯಬೇಕು. ಕಪ್ಪು ಬಳಸಿದರೆ ಕೊಳೆಯಂತೆ ಕಾಣುತ್ತದೆ. ಅಂಚಿನ ಹತ್ತಿರ ಮೂರು ನಾಲ್ಕು ಪಿಕ್ಸೆಲಿನಷ್ಟು ಗಾಢ, ಆಮೇಲೆ 15 ಪಿಕ್ಸೆಲಿನೊಳಗೆ ಮಾಯ. ಕಾಲರಿನ ಹಿಂಭಾಗದ ಒಳಬದಿಯನ್ನೂ ಕತ್ತಿನ ಹತ್ತಿರ ಮಬ್ಬು ಮಾಡಬೇಕು, ಅಲ್ಲಿಗೆ ಬೆಳಕು ಹೋಗುವುದೇ ಕಡಿಮೆ. ಗದ್ದದ ನೆರಳು ಮುಖದ ಚಿತ್ರದಲ್ಲಿ ಕಾಲರಿನ ಮೇಲೂ ಬಿದ್ದಿದ್ದರೆ ಹೊಸ ಕಾಲರಿನ ಮೇಲೂ ಅದು ಬೀಳಬೇಕು.

ಬಣ್ಣ ಹೊಂದಿಸುವುದಕ್ಕೆ ಮೊದಲು ಕಪ್ಪು ಬಿಳುಪುಗಳನ್ನು ಹೊಂದಿಸಬೇಕು. ಮಾಸಿದ ಹಳೆಯ ಚಿತ್ರದಲ್ಲಿ ಕಪ್ಪು ಪೂರ್ತಿ ಕಪ್ಪಲ್ಲ, ಬಿಳಿ ಹಳದಿಗೆ ತಿರುಗಿರುತ್ತದೆ. ಮುಖವನ್ನು Curvesನಲ್ಲಿ ಎಷ್ಟು ಸರಿಮಾಡಬಹುದೋ ಅಷ್ಟು ಮಾಡಿ, ಉಳಿದದ್ದಕ್ಕೆ ಅಂಗಿಯನ್ನು ಮುಖದ ಹತ್ತಿರಕ್ಕೆ ತರಬೇಕು: ಇಂದಿನ ಅಂಗಿಯ ಕಣ್ಣು ಕುಕ್ಕುವ ಬಿಳುಪನ್ನು ಹಿರಿಯರ ಕಣ್ಣ ಬಿಳಿಯ, ಹಲ್ಲು ಕಂಡರೆ ಹಲ್ಲಿನ, ಮಟ್ಟಕ್ಕೆ ಇಳಿಸಿದರೆ ಸಾಕು. ಕೊನೆಗೆ ಅಂಗಿಗೆ Gaussian Blur ಅರ್ಧ ಪಿಕ್ಸೆಲಿನ ಸುಮಾರಿಗೆ, ಅದರ ಮೇಲೆ Add Noise ಸ್ವಲ್ಪ, ಮುಖದ ಮೇಲೆ ಕಾಣುವ ಸಣ್ಣ ಚುಕ್ಕೆಗಳಿಗೆ, ಅಂದರೆ ಕಾಳಿಗೆ, ಸಮನಾಗುವಂತೆ. ಇದನ್ನು ಚಿತ್ರವನ್ನು 100% ಗಾತ್ರದಲ್ಲಿಟ್ಟೇ ತೀರ್ಮಾನಿಸಬೇಕು, ಕುಗ್ಗಿಸಿದ ನೋಟದಲ್ಲಿ ಕಾಳು ಕಾಣುವುದಿಲ್ಲ.

ಪರೀಕ್ಷೆ

ಗಂಟೆಗಟ್ಟಲೆ ನೋಡಿದ ಚಿತ್ರದ ತಪ್ಪು ಕಣ್ಣಿಗೆ ಬೀಳುವುದಿಲ್ಲ. Flip Canvas Horizontal ಕೊಟ್ಟು ಎಡಬಲ ತಿರುಗಿಸಿದರೆ ವಾಲಿದ ಕತ್ತು, ಏರುಪೇರಾದ ಭುಜ ಥಟ್ಟನೆ ಕಾಣುತ್ತವೆ. ಆಮೇಲೆ ಚಿತ್ರವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಬೇಕು: ತಲೆ ದೇಹಕ್ಕೆ ದೊಡ್ಡದೋ ಚಿಕ್ಕದೋ ಎಂಬುದು ಆ ಗಾತ್ರದಲ್ಲಿ ಮಾತ್ರ ಗೊತ್ತಾಗುತ್ತದೆ. ತಲೆ ದೊಡ್ಡದೆನಿಸಿದರೆ ದೇಹವನ್ನು ಒಂದೆರಡು ಶೇಕಡಾ ಹಿಗ್ಗಿಸಿ ನೋಡಬಹುದು. ಪಾಪೆಗಳ ಅಂತರ 63 ಎಂದದ್ದು ಸರಾಸರಿಯಾದ್ದರಿಂದ ಐದಾರು ಶೇಕಡಾ ವ್ಯತ್ಯಾಸ ಸಹಜ. ಹತ್ತಕ್ಕಿಂತ ಹೆಚ್ಚು ಬೇಕೆನಿಸಿದರೆ ಅಳತೆಯಲ್ಲೇ ಎಲ್ಲೋ ತಪ್ಪಿದೆ, ಸ್ಕೇಲು ಕಾಲರಿನ ಮಟ್ಟದಲ್ಲಿರದೆ ಕ್ಯಾಮೆರಾದತ್ತ ಮುಂದೆ ಬಂದಿತ್ತೇ ಎಂದು ಮೊದಲು ನೋಡಬೇಕು.

ಮನೆಯವರಿಗೆ ತೋರಿಸುವಾಗ ಮೊಬೈಲಿಗೆ ಕಳುಹಿಸದೆ, ಒಂದು ಚಿಕ್ಕ ಪ್ರಿಂಟ್ ಹಾಕಿ ಕೊಡುವುದು ಮೇಲು. ಆಗ "ಸ್ವಲ್ಪ ಕತ್ತು ತಗ್ಗಿಸಿ ಸಾರ್, ಅವರು ಇಷ್ಟು ನೆಟ್ಟಗೆ ಕೂರ್ತಿರಲಿಲ್ಲ" ಎಂಬಂಥ ಮಾತು ಬಾಯಿಗೆ ಬರುತ್ತದೆ, ಅದು ಯಾವ ಅಳತೆಯಲ್ಲೂ ಸಿಗದ ಮಾಹಿತಿ. ಹಾಗೆ ಬಂದ ಮಾತಿಗೆ ತಲೆಯ ಲೇಯರನ್ನು ಹತ್ತಿಪ್ಪತ್ತು ಪಿಕ್ಸೆಲ್ ಇಳಿಸಿದರೆ ಸಾಕಾಗುತ್ತದೆ, ಲೇಯರುಗಳನ್ನು ಇನ್ನೂ ಬೇರೆಬೇರೆಯಾಗಿ ಉಳಿಸಿಕೊಂಡಿದ್ದರೆ. ಕತ್ತು ಇಳಿದಷ್ಟೂ ಕಾಲರಿನ ನೆರಳನ್ನು ಮತ್ತೆ ಬಳಿಯಬೇಕು. ಚೌಕಟ್ಟಿನವರು ಅಂಚಿನಲ್ಲಿ ಕಾಲಿಂಚಿನಷ್ಟು ಮುಚ್ಚುತ್ತಾರೆ, ಆದ್ದರಿಂದ ತೋಳುಗಳ ಹೊರಗೆ ಎರಡೂ ಬದಿ ಅಷ್ಟು ಹೆಚ್ಚುವರಿ ಜಾಗ ಬಿಟ್ಟೇ ಕೊನೆಯ ಫೈಲನ್ನು ಪ್ರಿಂಟಿಗೆ ಕಳುಹಿಸಬೇಕು.